ದೊಡ್ಡ ಕಂಪನಿಗೆ ವೆಂಡರ್ ಆಗಲು ಅರ್ಜಿ ಬರೆಯುವುದು ಹೇಗೆ? ತುಮಕೂರಿನ ಸಣ್ಣ ಮೆಷಿನ್ ಶಾಪ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಅಂತರಸನಹಳ್ಳಿ, ಹಿರೇಹಳ್ಳಿ, ಸತ್ಯಮಂಗಲ, ವಸಂತನರಸಾಪುರ. ಯಾವ ಕೈಗಾರಿಕಾ ಪ್ರದೇಶದ ಓದುಗರೇ ಆಗಲಿ, ಕೇಳುವ ಪ್ರಶ್ನೆ ಒಂದೇ. "ಕಂಪನಿಗೆ ಪ್ರೊಫೈಲ್ ಕಳಿಸಿ ತಿಂಗಳುಗಳಾದವು, ಉತ್ತರವೇ ಇಲ್ಲ. ನಮ್ಮ ಕೆಲಸ ಚೆನ್ನಾಗಿದೆ, ರೇಟೂ ಕಡಿಮೆ. ಮತ್ಯಾಕೆ?"

ಹೆಚ್ಚಿನ ಸಲ ತೊಂದರೆ ಕೆಲಸದಲ್ಲೂ ಇರುವುದಿಲ್ಲ, ರೇಟಿನಲ್ಲೂ ಇರುವುದಿಲ್ಲ. ಕಳಿಸಿದ ಕಾಗದಗಳಲ್ಲಿ ಇರುತ್ತದೆ.

ವೆಂಡರ್ ರಿಜಿಸ್ಟ್ರೇಷನ್ ಅಂದರೆ ಕಂಪನಿಯ ಸರಬರಾಜುದಾರರ ಪಟ್ಟಿಗೆ ನಿಮ್ಮ ಹೆಸರು ಸೇರಿಸಿ, ಒಂದು ವೆಂಡರ್ ಕೋಡ್ ಕೊಡುವುದು. ಆ ಕೋಡ್ ಇಲ್ಲದೆ ಪರ್ಚೇಸ್ ವಿಭಾಗದವರು ಮನಸ್ಸು ಮಾಡಿದರೂ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಗೆ ಆರ್ಡರ್ ಹಾಕಲು ಆಗುವುದಿಲ್ಲ. ನಿಮ್ಮ ಅರ್ಜಿಯನ್ನು ಮೂರು ಜನ ಓದುತ್ತಾರೆ. ಪರ್ಚೇಸ್‌ನವರು "ಇವರು ಏನು ಮಾಡಿಕೊಡುತ್ತಾರೆ, ಎಷ್ಟು ಮಾಡಿಕೊಡುತ್ತಾರೆ" ಅಂತ ನೋಡುತ್ತಾರೆ. ಕ್ವಾಲಿಟಿಯವರು "ಹೇಳಿದ ಅಳತೆ ಬರುತ್ತದೆ ಅನ್ನುವುದಕ್ಕೆ ಏನು ಆಧಾರ" ಅಂತ ಹುಡುಕುತ್ತಾರೆ. ಅಕೌಂಟ್ಸ್‌ನವರು ಹೆಸರು, ಜಿಎಸ್‌ಟಿ, ಬ್ಯಾಂಕ್ ಖಾತೆ ತಾಳೆ ಆಗುತ್ತವೆಯೇ ಅಂತ ಪರಿಶೀಲಿಸುತ್ತಾರೆ. ಮೂವರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಫೈಲ್ ಅಲ್ಲೇ ನಿಲ್ಲುತ್ತದೆ. ನಿಮಗೆ ಫೋನ್ ಮಾಡಿ ಕೇಳುವಷ್ಟು ಪುರಸೊತ್ತು ಅವರಿಗಿರುವುದಿಲ್ಲ.

ಮಾತು ಗಾಳಿಯಲ್ಲಿ ಉಳಿಯಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂತರಸನಹಳ್ಳಿಯಲ್ಲಿ ಒಂದು ಶೆಡ್. ಮೂರು ಸಿಎನ್‌ಸಿ ಲೇತ್, ಒಂದು ವಿಎಂಸಿ, ಒಂಬತ್ತು ಜನ ಕೆಲಸಗಾರರು. ಒಬ್ಬರೇ ಮಾಲೀಕರಿರುವ ಪ್ರೊಪ್ರೈಟರ್‌ಶಿಪ್ ಘಟಕ. ಬುಷ್, ಸ್ಪೇಸರ್, ಪಿನ್ ಮಾಡುತ್ತಾರೆ. ಮುಂದೆ ಹೇಳುವುದನ್ನೆಲ್ಲ ಈ ಘಟಕಕ್ಕೆ ಹೊಂದಿಸಿಯೇ ಹೇಳುತ್ತೇನೆ.

ಹಂತ 1: ಕಾಗದಗಳನ್ನು ಒಂದೇ ಹೆಸರಿಗೆ ತನ್ನಿ

ಪ್ರೊಫೈಲ್ ಬರೆಯುವ ಮುಂಚೆ ಇದನ್ನು ಮುಗಿಸಿ. ಪಾನ್ ಕಾರ್ಡ್, ಜಿಎಸ್‌ಟಿ ಪ್ರಮಾಣಪತ್ರ, ಉದ್ಯಮ್ ಪ್ರಮಾಣಪತ್ರ, ಕ್ಯಾನ್ಸಲ್ ಮಾಡಿದ ಚೆಕ್, ಶೆಡ್‌ನ ಬಾಡಿಗೆ ಕರಾರು ಅಥವಾ ಹಂಚಿಕೆ ಪತ್ರ. ಈ ಐದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರು, ವಿಳಾಸಗಳನ್ನು ಅಕ್ಷರ ಅಕ್ಷರ ಹೋಲಿಸಿ.

ಪ್ರೊಪ್ರೈಟರ್‌ಶಿಪ್‌ನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಪಾನ್ ಇರುವುದು ಮಾಲೀಕರ ಸ್ವಂತ ಹೆಸರಿನಲ್ಲಿ. ಜಿಎಸ್‌ಟಿಯಲ್ಲಿ ಎರಡು ಹೆಸರು ಇರುತ್ತವೆ. ಒಂದು ಲೀಗಲ್ ನೇಮ್, ಅದು ಪಾನ್‌ನಲ್ಲಿರುವ ಮಾಲೀಕರ ಹೆಸರು. ಇನ್ನೊಂದು ಟ್ರೇಡ್ ನೇಮ್, ಅದು ಬೋರ್ಡಿನ ಮೇಲಿರುವ ಘಟಕದ ಹೆಸರು. ಕಂಪನಿಯ ಫಾರಂನಲ್ಲಿ ಲೀಗಲ್ ನೇಮ್ ಅಂತ ಕೇಳಿದ ಕಡೆ ಘಟಕದ ಹೆಸರು ಬರೆದರೆ ಪಾನ್ ಜೊತೆ ತಾಳೆ ಆಗುವುದಿಲ್ಲ, ಅರ್ಜಿ ತಿರಸ್ಕಾರ ಆಗುತ್ತದೆ. ಕೇಳಿದ ಕಡೆ ಕೇಳಿದ ಹೆಸರೇ ಬರೆಯಿರಿ.

ಜಿಎಸ್‌ಟಿ ನಂಬರಿನಲ್ಲಿ ಹದಿನೈದು ಅಕ್ಷರಗಳಿರುತ್ತವೆ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ನಂತರದ ಹತ್ತು ನಿಮ್ಮ ಪಾನ್. ಹಾಗಾಗಿ ಬೇರೆಯವರ ಹೆಸರಿನ ಜಿಎಸ್‌ಟಿಯಲ್ಲಿ ಬಿಲ್ ಮಾಡಿ, ನಿಮ್ಮ ಪಾನ್ ಕೊಟ್ಟರೆ ಅಕೌಂಟ್ಸ್‌ನವರಿಗೆ ಒಂದು ನೋಟದಲ್ಲೇ ಗೊತ್ತಾಗುತ್ತದೆ. ಅಣ್ಣನ ಹೆಸರಿನಲ್ಲಿ ಜಿಎಸ್‌ಟಿ, ತಮ್ಮನ ಹೆಸರಿನಲ್ಲಿ ಬ್ಯಾಂಕ್ ಖಾತೆ ಅನ್ನುವಂಥ ಏರ್ಪಾಡು ನಮ್ಮ ಕಡೆ ಜಾಸ್ತಿ. ಊರಿನ ವ್ಯವಹಾರಕ್ಕೆ ಅದು ನಡೆದೀತು, ದೊಡ್ಡ ಕಂಪನಿಯಲ್ಲಿ ನಡೆಯುವುದಿಲ್ಲ.

ವಿಳಾಸವನ್ನೂ ನೋಡಿ. ಜಿಎಸ್‌ಟಿ ತೆಗೆಸುವಾಗ ಮನೆ ವಿಳಾಸ ಕೊಟ್ಟಿರುತ್ತೀರಿ, ಮೆಷಿನ್ ಇರುವುದು ಶೆಡ್‌ನಲ್ಲಿ. ಹಾಗಿದ್ದರೆ ಜಿಎಸ್‌ಟಿಯಲ್ಲಿ ಶೆಡ್ಡನ್ನು ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಿಸಿ. ಮಾಲು ಹೊರಡುವ ಜಾಗ ಪ್ರಮಾಣಪತ್ರದಲ್ಲಿ ಇರಬೇಕು. 2014ರ ನವೆಂಬರ್‌ನಲ್ಲಿ ಊರಿನ ಹೆಸರು ಅಧಿಕೃತವಾಗಿ ಬದಲಾದದ್ದರಿಂದ ಹಳೆಯ ಕಾಗದದಲ್ಲಿ `Tumkur`, ಹೊಸದರಲ್ಲಿ `Tumakuru` ಅಂತ ಇರುವುದು ಸಹಜ. ಅದಕ್ಕೆ ಗಾಬರಿ ಬೇಡ. ಅರ್ಜಿಯಲ್ಲಿ ಮಾತ್ರ ಜಿಎಸ್‌ಟಿಯಲ್ಲಿ ಇರುವಂತೆಯೇ ಬರೆಯಿರಿ, ಪಿನ್ ಕೋಡ್ ಎಲ್ಲ ಕಡೆ ಒಂದೇ ಇರಲಿ.

ಇನ್ನು ಚೆಕ್. ಕ್ಯಾನ್ಸಲ್ ಮಾಡಿದ ಚೆಕ್ ಮೇಲೆ ಖಾತೆದಾರರ ಹೆಸರು ಅಚ್ಚಾಗಿರಬೇಕು. ಹೆಸರಿಲ್ಲದ ಚೆಕ್‌ಬುಕ್ ಆದರೆ ಬ್ಯಾಂಕಿನಿಂದ ಖಾತೆ ದೃಢೀಕರಣ ಪತ್ರ ಪಡೆಯಿರಿ. ಹಳೆಯ ಚೆಕ್ ಹಾಳೆ ಕೊಡಲೇಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿದವು. ಆಗಿನ ಐಎಫ್‌ಎಸ್‌ಸಿ ಕೋಡ್‌ಗಳು ಈಗ ನಡೆಯುವುದಿಲ್ಲ. ಕಂಪನಿಗಳು ವೆಂಡರ್ ಕೋಡ್ ಕೊಡುವ ಮೊದಲು ಒಂದು ರೂಪಾಯಿ ಹಾಕಿ ಖಾತೆ ಪರೀಕ್ಷಿಸುವುದುಂಟು. ದುಡ್ಡು ವಾಪಸ್ ಬಂದರೆ ನಿಮ್ಮ ಅರ್ಜಿಯೂ ಬದಿಗೆ ಹೋಗುತ್ತದೆ.

ಕಾಗದವೆಲ್ಲ ಸರಿ ಇದ್ದೂ ಅಕೌಂಟ್ಸ್‌ನವರು ತಡೆಹಿಡಿಯುವ ಇನ್ನೊಂದು ಕಾರಣವಿದೆ. ಜಿಎಸ್‌ಟಿ ಜಾಲತಾಣದಲ್ಲಿ ನಿಮ್ಮ ನಂಬರ್ ಹಾಕಿದರೆ ನೀವು ರಿಟರ್ನ್ ಯಾವಾಗ ಯಾವಾಗ ಸಲ್ಲಿಸಿದ್ದೀರಿ ಅನ್ನುವುದು ಯಾರಿಗಾದರೂ ಕಾಣುತ್ತದೆ. ನೀವು ಜಿಎಸ್‌ಟಿಆರ್-1 ಅನ್ನುವ ಮಾರಾಟದ ರಿಟರ್ನ್ ಹಾಕದಿದ್ದರೆ ಕಂಪನಿಗೆ ನಿಮ್ಮ ಬಿಲ್ ಮೇಲಿನ ತೆರಿಗೆ ವಾಪಸಾತಿ ಸಿಗುವುದಿಲ್ಲ. ಅಂದರೆ ನಿಮ್ಮ ತಡದಿಂದ ಅವರ ದುಡ್ಡು ನಿಲ್ಲುತ್ತದೆ. ಅರ್ಜಿ ಹಾಕುವ ಮುಂಚೆ ಬಾಕಿ ಇರುವ ರಿಟರ್ನ್ ಎಲ್ಲ ತುಂಬಿ. ಲೆಕ್ಕ ನೋಡಿಕೊಳ್ಳುವವರಿಗೆ ಇದರ ಕಾರಣ ಬಿಡಿಸಿ ಹೇಳಿ, ಇಲ್ಲದಿದ್ದರೆ ಅವರು ಯಥಾಪ್ರಕಾರ ಕೊನೆಯ ದಿನ ದಾಟಿಸಿಬಿಡುತ್ತಾರೆ.

ಹಂತ 2: ಏನು ಮಾಡುತ್ತೀರಿ ಅನ್ನುವುದನ್ನು ಕಿರಿದು ಮಾಡಿ ಬರೆಯಿರಿ

ನನ್ನ ಮಟ್ಟಿಗೆ ಇಡೀ ಅರ್ಜಿಯ ಜೀವ ಇರುವುದು ಇಲ್ಲಿ. "ಎಲ್ಲಾ ತರಹದ ಮೆಷಿನಿಂಗ್ ಕೆಲಸ ಮಾಡಿಕೊಡಲಾಗುವುದು" ಅಂತ ಬರೆದ ಪ್ರೊಫೈಲ್‌ಗಳೇ ಜಾಸ್ತಿ. ಪರ್ಚೇಸ್‌ನವರಿಗೆ ಇದರಿಂದ ಉಪಯೋಗವಿಲ್ಲ. ಅವರಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯ ವಸ್ತು ನೋಡಿಕೊಳ್ಳುತ್ತಾರೆ. ಒಬ್ಬರು ಎರಕದ ಭಾಗ, ಒಬ್ಬರು ಶೀಟ್ ಮೆಟಲ್, ಇನ್ನೊಬ್ಬರು ಲೇತ್ ಕೆಲಸದ ಭಾಗ. ನಿಮ್ಮ ಅರ್ಜಿ ಯಾರ ಮೇಜಿಗೆ ಹೋಗಬೇಕು ಅನ್ನುವುದೇ ಗೊತ್ತಾಗದಿದ್ದರೆ ಅದು ಯಾರ ಮೇಜಿಗೂ ಹೋಗುವುದಿಲ್ಲ.

ನಮ್ಮ ಉದಾಹರಣೆಯ ಘಟಕ ಹೀಗೆ ಬರೆಯಬಹುದು:

- ವಸ್ತುಗಳು: ಬುಷ್, ಸ್ಪೇಸರ್, ಪಿನ್
- ಅಳತೆ: ವ್ಯಾಸ 10ರಿಂದ 60 ಮಿ.ಮೀ., ಉದ್ದ 150 ಮಿ.ಮೀ. ತನಕ
- ಲೋಹ: ಇಎನ್8, ಇಎನ್1ಎ, ಎಸ್‌ಎಸ್304
- ನಿತ್ಯ ಕಾಯ್ದುಕೊಳ್ಳುವ ಟಾಲರೆನ್ಸ್: ±0.02 ಮಿ.ಮೀ.
- ಹೊರಗೆ ಮಾಡಿಸುವುದು: ಹೀಟ್ ಟ್ರೀಟ್‌ಮೆಂಟ್, ಜಿಂಕ್ ಪ್ಲೇಟಿಂಗ್
- ಈಗ ಖಾಲಿ ಇರುವ ಸಾಮರ್ಥ್ಯ: ತಿಂಗಳಿಗೆ ಸುಮಾರು 11,000 ಪೀಸ್

ಟಾಲರೆನ್ಸ್ ಅಂದರೆ ಡ್ರಾಯಿಂಗ್‌ನಲ್ಲಿರುವ ಅಳತೆಗಿಂತ ಎಷ್ಟು ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಅನ್ನುವ ಮಿತಿ. ಇಲ್ಲಿ ಯಾವತ್ತೋ ಒಂದು ದಿನ ಬಂದ ಒಳ್ಳೆಯ ಅಳತೆ ಬರೆಯಬೇಡಿ. ರಾತ್ರಿ ಪಾಳಿಯಲ್ಲಿ, ಹೊಸ ಆಪರೇಟರ್ ಕೈಯಲ್ಲಿ, ಇನ್ಸರ್ಟ್ ಸವೆದಾಗಲೂ ಏನು ಬರುತ್ತದೋ ಅದನ್ನು ಬರೆಯಿರಿ.

ಹೊರಗೆ ಮಾಡಿಸುವ ಕೆಲಸವನ್ನು ಮುಚ್ಚಿಡುವವರಿದ್ದಾರೆ. ಅದು ಬೇಡ. ಪ್ಲೇಟಿಂಗ್ ಪೀಣ್ಯದಲ್ಲಿ ಮಾಡಿಸುತ್ತೀರಿ ಅನ್ನುವುದು ಕೊರತೆಯಲ್ಲ. ಆದರೆ ಕಂಪನಿಯಿಂದ ಶೆಡ್ ಪರಿಶೀಲಿಸಲು, ಅಂದರೆ ಆಡಿಟ್‌ಗೆ ಬಂದವರಿಗೆ ಪ್ಲೇಟಿಂಗ್ ತೊಟ್ಟಿ ಎಲ್ಲಿದೆ ಅಂತ ತೋರಿಸಲಾಗದಿದ್ದರೆ ಬರೆದ ಉಳಿದದ್ದನ್ನೂ ಅವರು ನಂಬುವುದಿಲ್ಲ.

ಲೋಹದ ವಿಷಯದಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿರಲಿ. ರಾಡ್ ನೀವೇ ಕೊಂಡು ಮಾಡಿಕೊಡುತ್ತೀರೋ, ಕಂಪನಿ ಕೊಟ್ಟ ರಾಡ್‌ನಲ್ಲಿ ಲೇಬರ್ ಜಾಬ್ ಮಾಡುತ್ತೀರೋ? ಎರಡಕ್ಕೂ ಬಿಲ್ ಮಾಡುವ ರೀತಿ ಬೇರೆ, ಬೇಕಾಗುವ ಬಂಡವಾಳವೂ ಬೇರೆ. ಎರಡೂ ಆಗುತ್ತದೆ ಅಂತ ಸುಮ್ನೆ ಬರೆದು, ಆರ್ಡರ್ ಬಂದಾಗ ರಾಡ್ ಕೊಳ್ಳಲು ದುಡ್ಡಿಲ್ಲ ಅಂತಾದರೆ ಮೊದಲ ಡೆಲಿವರಿಯೇ ತಪ್ಪುತ್ತದೆ.

ಹಂತ 3: ಖಾಲಿ ಸಾಮರ್ಥ್ಯವನ್ನು ಲೆಕ್ಕ ಹಾಕಿ, ಅಂದಾಜಿನಲ್ಲಿ ಹೇಳಬೇಡಿ

ಮೇಲಿನ 11,000 ಎಲ್ಲಿಂದ ಬಂತು? ಲೆಕ್ಕ ನೋಡಿ.

ಒಂದು ಪಾಳಿ ಎಂಟು ಗಂಟೆ. ಊಟ, ಟೀಗೆ ಅರ್ಧ ಗಂಟೆ ಕಳೆದರೆ ಏಳೂವರೆ. ಎರಡು ಪಾಳಿಗೆ 15 ಗಂಟೆ. ತಿಂಗಳಿಗೆ 25 ದಿನ ಅಂದರೆ 375 ಗಂಟೆ. ಸೆಟ್ಟಿಂಗ್ ಬದಲಾವಣೆ, ಕರೆಂಟ್ ಹೋಗುವುದು, ರಜೆ, ಟೂಲ್ ಬದಲಿಸುವುದು ಇದಕ್ಕೆಲ್ಲ ಕಾಲು ಭಾಗ ಬಿಡಿ. ಉಳಿಯುವುದು ಸುಮಾರು 281 ಗಂಟೆ, ಅಂದರೆ 10,12,500 ಸೆಕೆಂಡ್.

ಈಗ ಒಂದು ಬುಷ್‌ಗೆ ಮೆಷಿನ್ ಓಡುವ ಸಮಯ 70 ಸೆಕೆಂಡ್ ಅಂದುಕೊಳ್ಳಿ. ಪೀಸ್ ತೆಗೆದು, ಗಾಳಿ ಹೊಡೆದು, ಹೊಸದು ಹಾಕಲು 20 ಸೆಕೆಂಡ್. ಒಟ್ಟು 90. ಭಾಗಿಸಿದರೆ ಒಂದು ಮೆಷಿನ್‌ಗೆ ತಿಂಗಳಿಗೆ 11,250 ಪೀಸ್. ಘಟಕದ ಮೂರು ಲೇತ್‌ಗಳಲ್ಲಿ ಎರಡು ಈಗಿನ ಆರ್ಡರ್‌ಗಳಿಗೇ ಓಡುತ್ತಿವೆ. ಖಾಲಿ ಇರುವುದು ಒಂದು. ಹಾಗಾಗಿ 11,000.

ತಪ್ಪಾಗುವುದು ಎಲ್ಲಿ ಗೊತ್ತಾ? ಆ 20 ಸೆಕೆಂಡ್ ಮರೆಯುವುದರಲ್ಲಿ. ಮೆಷಿನ್ ಪರದೆಯ ಮೇಲೆ ಕಾಣುವ 70 ಸೆಕೆಂಡನ್ನೇ ಹಿಡಿದು ಲೆಕ್ಕ ಹಾಕಿದರೆ 14,400 ದಾಟುತ್ತದೆ. ಅಷ್ಟು ಅಂತ ಬರೆದುಕೊಟ್ಟರೆ ಪ್ರತಿ ತಿಂಗಳು ಮೂರು ಸಾವಿರಕ್ಕೂ ಮೀರಿ ಕೊರತೆ ಬೀಳುತ್ತದೆ, ಕಂಪನಿಯ ಲೈನ್ ನಿಲ್ಲುತ್ತದೆ. ಇನ್ನು ಕೆಲವರು ಮೂರೂ ಮೆಷಿನ್‌ಗಳ ಪೂರ್ತಿ ಸಾಮರ್ಥ್ಯ ತೋರಿಸುತ್ತಾರೆ. ಆಡಿಟ್‌ಗೆ ಬಂದವರು ಮೊದಲು ಕೇಳುವುದೇ "ಈ ಮೆಷಿನ್‌ನಲ್ಲಿ ಈಗ ಯಾರ ಜಾಬ್ ಓಡುತ್ತಿದೆ?" ಅಂತ.

ಈ ಲೆಕ್ಕವನ್ನು ಒಂದು ಚಿಕ್ಕ ಪಟ್ಟಿಯಾಗಿ ಪ್ರೊಫೈಲ್ ಒಳಗೇ ಹಾಕಿ. ಲೆಕ್ಕ ಹಾಕಿ ತೋರಿಸುವ ಸಣ್ಣ ಘಟಕಗಳು ಬಹಳ ಕಡಿಮೆ. ಪರ್ಚೇಸ್‌ನವರು ಇದನ್ನು ಖಂಡಿತ ಗಮನಿಸುತ್ತಾರೆ.

ಹಂತ 4: ಕಂಪನಿ ಪ್ರೊಫೈಲ್ ನಾಲ್ಕು ಪುಟ ಸಾಕು

ಮೊದಲ ಪುಟದಲ್ಲಿ ಹೆಸರು, ಮಾಲೀಕತ್ವ, ಶುರುವಾದ ವರ್ಷ, ವಿಳಾಸ, ಜಿಎಸ್‌ಟಿ ಮತ್ತು ಉದ್ಯಮ್ ನಂಬರ್, ಕೆಲಸಗಾರರ ಸಂಖ್ಯೆ, ಮಂಜೂರಾದ ವಿದ್ಯುತ್, ಜನರೇಟರ್ ಇದೆಯೋ ಇಲ್ಲವೋ, ಕಳೆದ ಮೂರು ವರ್ಷದ ವಹಿವಾಟು. ವಹಿವಾಟಿನ ಅಂಕಿ ಜಿಎಸ್‌ಟಿ ರಿಟರ್ನ್‌ಗೂ ಆದಾಯ ತೆರಿಗೆ ರಿಟರ್ನ್‌ಗೂ ಹೊಂದಬೇಕು. ದೊಡ್ಡದಾಗಿ ಕಾಣಲಿ ಅಂತ ಏರಿಸಿ ಬರೆದರೆ ಅಕೌಂಟ್ಸ್‌ನವರ ಕೈಯಲ್ಲಿ ಸಿಕ್ಕಿಬೀಳುತ್ತೀರಿ.

ಎರಡನೇ ಪುಟ ಮೆಷಿನ್ ಪಟ್ಟಿ. "ಸಿಎನ್‌ಸಿ – 3" ಅಂತ ಬರೆದರೆ ಸಾಲದು. ಪ್ರತಿ ಮೆಷಿನ್‌ಗೂ ತಯಾರಕರ ಹೆಸರು, ಮಾಡೆಲ್, ವರ್ಷ, ಚಕ್ ಅಳತೆ, ಗರಿಷ್ಠ ವ್ಯಾಸ ಮತ್ತು ಉದ್ದ ಬರೆಯಿರಿ. ಹಳೆಯ ಮೆಷಿನ್ ಅಂತ ನಾಚಿಕೆ ಬೇಡ, ವರ್ಷ ಸರಿಯಾಗಿ ಹಾಕಿ.

ಮೂರನೇ ಪುಟ ಅಳತೆ ಉಪಕರಣಗಳದ್ದು. ಕ್ವಾಲಿಟಿಯವರು ಇದನ್ನೇ ಮೊದಲು ತೆರೆಯುತ್ತಾರೆ. ಪ್ರತಿ ಉಪಕರಣದ ಅಳತೆಯ ವ್ಯಾಪ್ತಿ, ಲೀಸ್ಟ್ ಕೌಂಟ್, ಕ್ಯಾಲಿಬ್ರೇಷನ್ ಮುಗಿಯುವ ತಾರೀಕು ಬೇಕು. ಲೀಸ್ಟ್ ಕೌಂಟ್ ಅಂದರೆ ಆ ಉಪಕರಣ ಓದಬಲ್ಲ ಅತಿ ಚಿಕ್ಕ ಅಳತೆ. ಕ್ಯಾಲಿಬ್ರೇಷನ್ ಅಂದರೆ ಅದು ಸರಿಯಾಗಿ ಓದುತ್ತಿದೆಯೇ ಅಂತ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುವುದು.

ಕ್ವಾಲಿಟಿಯವರು ಒಂದು ರೂಢಿಯ ನಿಯಮ ಹಿಡಿದು ನೋಡುತ್ತಾರೆ. ಉಪಕರಣದ ಲೀಸ್ಟ್ ಕೌಂಟ್ ಒಟ್ಟು ಟಾಲರೆನ್ಸ್‌ನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. ನಮ್ಮ ಘಟಕ ±0.02 ಅಂತ ಬರೆದಿದೆ, ಒಟ್ಟು ಹರವು 0.04 ಮಿ.ಮೀ. ಅದರ ಹತ್ತನೇ ಒಂದು 0.004. ಹಾಗಾಗಿ 0.001 ಓದುವ ಮೈಕ್ರೋಮೀಟರ್ ಬೇಕು. ಪಟ್ಟಿಯಲ್ಲಿ ಬರೀ 0.02 ಲೀಸ್ಟ್ ಕೌಂಟ್‌ನ ವರ್ನಿಯರ್ ಇದ್ದರೆ ಅದರ ಒಂದು ಗೆರೆಯೇ ಅರ್ಧ ಟಾಲರೆನ್ಸ್ ತಿಂದುಹಾಕುತ್ತದೆ. ಆ ಅಳತೆ ನೀವು ಕಾಯ್ದುಕೊಳ್ಳುತ್ತೀರಿ ಅಂತ ಅವರು ಹೇಗೆ ನಂಬಬೇಕು? ಬುಷ್ ಮಾಡುವವರು ಒಳವ್ಯಾಸಕ್ಕೆ ಬೋರ್ ಗೇಜ್ ಅಥವಾ ಪ್ಲಗ್ ಗೇಜ್ ಇದೆ ಅಂತ ತೋರಿಸಲೇಬೇಕು. ಹೊರವ್ಯಾಸದ ಮೈಕ್ರೋಮೀಟರ್ ನಾಲ್ಕು ಇಟ್ಟು, ಒಳಗಡೆಗೆ ಏನೂ ಇಲ್ಲದ ಪಟ್ಟಿಗಳು ಬೇಕಾದಷ್ಟಿವೆ.

ಕ್ಯಾಲಿಬ್ರೇಷನ್ ಅನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ನಲ್ಲೇ ಮಾಡಿಸಿ. ಎನ್‌ಎಬಿಎಲ್ ಅಂದರೆ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಅರ್ಜಿ ಕಳಿಸುವ ದಿನಕ್ಕೆ ಒಂದು ತಾರೀಕೂ ಮುಗಿದಿರಬಾರದು.

ನಾಲ್ಕನೇ ಪುಟದಲ್ಲಿ ಈಗಿನ ಗ್ರಾಹಕರು ಮತ್ತು ಮೂರ್ನಾಲ್ಕು ಫೋಟೋ. ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಬೇರೆ ಗ್ರಾಹಕರ ಡ್ರಾಯಿಂಗ್ ಲಗತ್ತಿಸಬೇಡಿ. ಅವರ ಪಾರ್ಟ್ ನಂಬರ್ ಕಾಣುವ ಪೀಸ್ ಫೋಟೋ ಕೂಡ ಹಾಕಬೇಡಿ. ಅನುಭವ ತೋರಿಸಲು ಇದು ಸುಲಭದ ದಾರಿ ಅನ್ನಿಸುತ್ತದೆ, ಅಲ್ವಾ? ಆದರೆ ಓದುವವರಿಗೆ ತಿಳಿಯುವುದು ಬೇರೆಯೇ: ಇವರ ಕೈಗೆ ನಮ್ಮ ಡ್ರಾಯಿಂಗ್ ಕೊಟ್ಟರೆ ನಾಳೆ ಅದೂ ಹೀಗೇ ಊರು ಸುತ್ತುತ್ತದೆ. ಜೊತೆಗೆ ಆ ಗ್ರಾಹಕರ ಜೊತೆ ಗೋಪ್ಯತೆಯ ಕರಾರು ಇದ್ದರೆ ಅದನ್ನು ನೀವು ಮುರಿದಂತಾಗುತ್ತದೆ. ಅನುಭವ ತೋರಿಸಬೇಕಿದ್ದರೆ ನೀವೇ ಒಂದು ಮಾದರಿ ಬುಷ್ ಮಾಡಿ, ಅದರ ಅಳತೆಯ ವರದಿ ಜೊತೆಗೆ ಫೋಟೋ ಹಾಕಿ.

ಹಂತ 5: ಪ್ರಮಾಣಪತ್ರಗಳಲ್ಲಿ ಯಾವುದು ಬೇಕು, ಯಾವುದು ಬೇಡ

ಮೊದಲು ಉದ್ಯಮ್. ಇದು ಉಚಿತ, ಆನ್‌ಲೈನ್‌ನಲ್ಲಿ ಆಗುತ್ತದೆ. ಯಾರಾದರೂ ಶುಲ್ಕ ಕೇಳಿದರೆ ಅದು ಸರ್ಕಾರದ ಶುಲ್ಕವಲ್ಲ. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ. ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿ ಮತ್ತು ವಹಿವಾಟು ಹತ್ತು ಕೋಟಿ ಮೀರದಿದ್ದರೆ ನೀವು ಮೈಕ್ರೋ, ಅಂದರೆ ಅತಿ ಸಣ್ಣ ಉದ್ಯಮ. ಪ್ರಮಾಣಪತ್ರದಲ್ಲಿ ಮುಖ್ಯ ಚಟುವಟಿಕೆ ತಯಾರಿಕೆ ಅಂತ ಇದೆಯೇ ನೋಡಿ. ಗಡಿಬಿಡಿಯಲ್ಲಿ ಟ್ರೇಡಿಂಗ್ ಅಂತ ತುಂಬಿರುವವರು ಇದ್ದಾರೆ. ಹಾಗಿದ್ದರೆ ಮುಂದೆ ಹೇಳುವ 45 ದಿನದ ರಕ್ಷಣೆ ನಿಮಗೆ ದಕ್ಕುವುದಿಲ್ಲ. ಅದನ್ನು ಈಗಲೇ ತಿದ್ದಿಸಿ.

ನಂತರ ಐಎಸ್‌ಒ 9001. ವಾಹನ ಕಂಪನಿಗಳಿಗೆ ನೇರವಾಗಿ ಭಾಗ ಕೊಡುವವರಿಗೆ ಐಎಟಿಎಫ್ 16949 ಅನ್ನುವ ಇನ್ನೂ ಬಿಗಿಯಾದ ಮಾನದಂಡ ಇದೆ. ಅಂಥವರಿಗೆ ಭಾಗ ಕೊಡುವ ಕೆಳಹಂತದ ಘಟಕಗಳಿಗೆ ಸಾಮಾನ್ಯವಾಗಿ ಕೇಳುವುದು ಐಎಸ್‌ಒ 9001. ಒಂಬತ್ತು ಜನರ ಘಟಕ ನೇರವಾಗಿ ವಾಹನ ಕಂಪನಿಯ ಬಾಗಿಲು ತಟ್ಟುವುದಕ್ಕಿಂತ, ಅವರಿಗೆ ಜೋಡಣೆ ಭಾಗ ಕೊಡುವ ಮಧ್ಯದ ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕುವುದೇ ಸರಿ. ವಸಂತನರಸಾಪುರ, ನರಸಾಪುರ, ಬಿಡದಿ, ಪೀಣ್ಯ ಇವೆಲ್ಲ ಕಡೆ ಅಂಥವು ಸಿಗುತ್ತವೆ.

ಐಎಸ್‌ಒ ವಿಷಯದಲ್ಲಿ ಮೋಸ ಹೋಗುವವರು ಬಹಳ. ಶೆಡ್‌ಗೆ ಕಾಲಿಡದೆ, ಫೋನಿನಲ್ಲೇ ಮಾತಾಡಿ ಎರಡೇ ದಿನದಲ್ಲಿ ಪ್ರಮಾಣಪತ್ರ ಕಳಿಸುವವರಿದ್ದಾರೆ. ಆ ಕಾಗದಕ್ಕೆ ಬೆಲೆ ಇಲ್ಲ. ನಿಜವಾದ ಪ್ರಮಾಣಪತ್ರಕ್ಕೆ ಮೂರು ವರ್ಷದ ಅವಧಿ, ಮಧ್ಯೆ ವರ್ಷಕ್ಕೊಮ್ಮೆ ಆಡಿಟ್ ಇರುತ್ತದೆ. ಕೊಟ್ಟ ಸಂಸ್ಥೆಗೆ ಎನ್‌ಎಬಿಸಿಬಿ ಅಥವಾ ಅಂಥದ್ದೇ ಮಾನ್ಯತಾ ಮಂಡಳಿಯ ಮುದ್ರೆ ಇರಬೇಕು. ಕ್ವಾಲಿಟಿಯವರು `iafcertsearch.org` ಜಾಲತಾಣದಲ್ಲಿ ನಿಮ್ಮ ಹೆಸರು ಹುಡುಕಿ ನೋಡಬಹುದು. ಅದಕ್ಕೂ ಮುಂಚೆ ನೀವೇ ಹುಡುಕಿ ನೋಡಿ. ಸ್ಕೋಪ್ ಅನ್ನುವ ಸಾಲನ್ನೂ ಓದಿ. ಯಾವ ಕೆಲಸಕ್ಕೆ ಈ ಪ್ರಮಾಣಪತ್ರ ಅನ್ನುವುದನ್ನು ಅದು ಹೇಳುತ್ತದೆ. ಅಲ್ಲಿ ನಿಖರ ಲೇತ್ ಭಾಗಗಳ ತಯಾರಿಕೆ ಅಂತ ಇರಬೇಕೇ ಹೊರತು ಎಂಜಿನಿಯರಿಂಗ್ ವಸ್ತುಗಳ ಮಾರಾಟ ಅಂತ ಅಲ್ಲ.

ಐಎಸ್‌ಒ ಇನ್ನೂ ಇಲ್ಲವೇ? ಇಲ್ಲ ಅಂತಲೇ ಬರೆಯಿರಿ. ಕೆಲಸ ಶುರುವಾಗಿದ್ದರೆ ಯಾವ ಸಂಸ್ಥೆ ಜೊತೆ, ಆಡಿಟ್ ಯಾವ ತಿಂಗಳು ಅಂತ ಸೇರಿಸಿ. ಸುಳ್ಳು ಪ್ರಮಾಣಪತ್ರ ಕೊಟ್ಟು ಸಿಕ್ಕಿಬಿದ್ದರೆ ಆ ಕಂಪನಿಯ ಬಾಗಿಲು ಮುಚ್ಚಿದ ಹಾಗೇ.

ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ, ಅನ್ವಯಿಸುವುದಾದರೆ ಕಾರ್ಖಾನೆ ಪರವಾನಗಿ, ಪಿಎಫ್, ಇಎಸ್‌ಐ ನಂಬರ್‌ಗಳನ್ನೂ ಜೋಡಿಸಿಡಿ. ಮಹಿಳೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರು ಮಾಲೀಕರಾಗಿದ್ದರೆ ಅದನ್ನು ಬರೆಯಲು ಮರೆಯಬೇಡಿ. ಕೇಂದ್ರ ಸರ್ಕಾರದ ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇ 25ನ್ನು ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. ಅದರೊಳಗೆ ಶೇ 4 ಪರಿಶಿಷ್ಟರ, ಶೇ 3 ಮಹಿಳೆಯರ ಘಟಕಗಳಿಗೆ ಮೀಸಲು. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಕಡೆ ಕಣ್ಣಿಟ್ಟಿರುವವರಿಗೆ ಇದು ಗೊತ್ತಿರಬೇಕು. ಆದರೆ ವಿಮಾನ ಭಾಗಗಳಿಗೆ ಎಎಸ್ 9100 ಅನ್ನುವ ಬೇರೆಯೇ ಮಾನದಂಡವಿದೆ, ಆ ದಾರಿ ಉದ್ದ.

ಹಂತ 6: ಪತ್ರ ಬರೆಯಿರಿ

ಯಾರಿಗೆ ಕಳಿಸಬೇಕು? ಕಂಪನಿಯ ಜಾಲತಾಣದಲ್ಲಿ ಸಪ್ಲೈಯರ್ ಅಥವಾ ವೆಂಡರ್ ಅನ್ನುವ ಪುಟ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಇಲ್ಲದಿದ್ದರೆ ಕಾರ್ಖಾನೆಯ ಬೋರ್ಡ್ ನಂಬರಿಗೆ ಫೋನ್ ಮಾಡಿ, "ಲೇತ್ ಭಾಗಗಳ ಖರೀದಿ ನೋಡಿಕೊಳ್ಳುವವರ ಇಮೇಲ್ ಬೇಕಿತ್ತು" ಅಂತ ಕೇಳಿ. ಇಮೇಲ್‌ನ ವಿಷಯದ ಸಾಲಿನಲ್ಲೇ ವಸ್ತು, ಅಳತೆ, ಊರು ಬರಲಿ:

```
Vendor Registration Request - CNC Turned Bushes, Dia 10-60 mm - Tumakuru
```

ಪತ್ರವನ್ನು ಇಂಗ್ಲಿಷಿನಲ್ಲೇ ಕಳಿಸಬೇಕಾಗುತ್ತದೆ. ಒಳಗೆ ಏನಿರಬೇಕು ಅನ್ನುವುದು ತಿಳಿಯಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

> ಮಾನ್ಯರೇ,
>
> ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಘಟಕ ವ್ಯಾಸ 10ರಿಂದ 60 ಮಿ.ಮೀ. ಬುಷ್, ಸ್ಪೇಸರ್ ಮತ್ತು ಪಿನ್‌ಗಳನ್ನು ತಯಾರಿಸುತ್ತದೆ. ನಿಮ್ಮ ಲೇತ್ ಭಾಗಗಳ ಸರಬರಾಜುದಾರರಾಗಿ ನೋಂದಾಯಿಸಿಕೊಳ್ಳಲು ಕೋರುತ್ತೇವೆ.
>
> ನಮ್ಮಲ್ಲಿ ಮೂರು ಸಿಎನ್‌ಸಿ ಲೇತ್, ಒಂದು ವಿಎಂಸಿ ಇವೆ. ಎರಡು ಪಾಳಿ ನಡೆಯುತ್ತವೆ. 90 ಸೆಕೆಂಡ್ ಸಮಯದ ಭಾಗಕ್ಕೆ ಈಗ ತಿಂಗಳಿಗೆ ಸುಮಾರು 11,000 ಪೀಸ್ ಸಾಮರ್ಥ್ಯ ಖಾಲಿ ಇದೆ. ನಿತ್ಯ ಕಾಯ್ದುಕೊಳ್ಳುವ ಟಾಲರೆನ್ಸ್ ±0.02 ಮಿ.ಮೀ. ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್ ಹೊರಗೆ ಮಾಡಿಸುತ್ತೇವೆ. ಕಚ್ಚಾ ರಾಡ್ ಅನ್ನು ಪರೀಕ್ಷಾ ವರದಿ ಸಮೇತ ನಾವೇ ಖರೀದಿಸುತ್ತೇವೆ.
>
> ನಾವು ಉದ್ಯಮ್ ನೋಂದಾಯಿತ ಅತಿ ಸಣ್ಣ ತಯಾರಿಕಾ ಘಟಕ. ಐಎಸ್‌ಒ 9001 ಪ್ರಮಾಣಪತ್ರ (ತಾರೀಕಿನ ತನಕ ಚಾಲ್ತಿ) ಲಗತ್ತಿಸಿದೆ. ಕಂಪನಿ ಪ್ರೊಫೈಲ್, ಮೆಷಿನ್ ಹಾಗೂ ಅಳತೆ ಉಪಕರಣಗಳ ಪಟ್ಟಿಯೂ ಜೊತೆಗಿದೆ.
>
> ನಿಮ್ಮ ನೋಂದಣಿ ಫಾರಂ ಕಳಿಸಿದರೆ ತುಂಬಿ ಕಳಿಸುತ್ತೇವೆ. ಮಾದರಿ ಭಾಗ ಮಾಡಿಕೊಡಲು ಮತ್ತು ಘಟಕ ಪರಿಶೀಲನೆಗೆ ಸಿದ್ಧರಿದ್ದೇವೆ.
>
> ಹೆಸರು, ಹುದ್ದೆ, ಮೊಬೈಲ್

ಇಷ್ಟೇ. "ತಮ್ಮಂಥ ಪ್ರತಿಷ್ಠಿತ ಸಂಸ್ಥೆ" ಅಂತ ಶುರುವಾಗುವ ಹೊಗಳಿಕೆ ತೆಗೆದುಬಿಡಿ. "ಅತಿ ಕಡಿಮೆ ದರ" ಅಂತಲೂ ಬರೆಯಬೇಡಿ. ಡ್ರಾಯಿಂಗ್ ನೋಡದೆ ದರ ಕಡಿಮೆ ಅನ್ನುವವರನ್ನು ಯಾರೂ ನಂಬುವುದಿಲ್ಲ.

ಲಗತ್ತುಗಳಿಗೆ ಹೆಸರು ಕೊಟ್ಟು, ನಂಬರ್ ಹಾಕಿ. ಮೊಬೈಲ್‌ನಲ್ಲಿ ಓರೆಯಾಗಿ ಹಿಡಿದ ಫೋಟೋಗಳು ಬೇಡ, ಸ್ಕ್ಯಾನ್ ಮಾಡಿಸಿ.

```
01_Profile.pdf
02_GST_PAN_Udyam.pdf
03_ISO.pdf
```

ಬ್ಯಾಂಕ್ ಚೆಕ್ಕನ್ನು ಮೊದಲ ಇಮೇಲ್‌ನಲ್ಲೇ ಕಳಿಸುವ ಅಗತ್ಯ ಇಲ್ಲ. ಫಾರಂ ಬಂದ ಮೇಲೆ ಕೊಟ್ಟರೆ ಸಾಕು.

ಹಂತ 7: ಕಳಿಸಿದ ಮೇಲೆ

ಹತ್ತು ದಿನ ಬಿಟ್ಟು ಅದೇ ಇಮೇಲ್‌ಗೆ ಉತ್ತರವಾಗಿ ಎರಡು ಸಾಲಿನ ನೆನಪೋಲೆ ಕಳಿಸಿ, ಆಮೇಲೆ ಒಮ್ಮೆ ಫೋನ್ ಮಾಡಿ. ದಿನಾ ಫೋನ್ ಮಾಡಬೇಡಿ.

ಈ ಹೊತ್ತಿನಲ್ಲೇ ಮೋಸಗಾರರೂ ಬರುತ್ತಾರೆ. ದೊಡ್ಡ ಕಂಪನಿಯ ಹೆಸರು ಹೇಳಿ "ನೋಂದಣಿ ಶುಲ್ಕ ಕಟ್ಟಿ, ಠೇವಣಿ ಕಟ್ಟಿ" ಅಂತ ಇಮೇಲ್ ಬರುತ್ತದೆ. ಕಳಿಸಿದವರ ವಿಳಾಸದಲ್ಲಿ @ ಚಿಹ್ನೆಯ ನಂತರ ಇರುವುದನ್ನು ಕಂಪನಿ ಜಾಲತಾಣದ ಹೆಸರಿನ ಜೊತೆ ಹೋಲಿಸಿ. ದುಡ್ಡು ಕಟ್ಟುವ ಮುಂಚೆ ಕಾರ್ಖಾನೆಯ ಬೋರ್ಡ್ ನಂಬರಿಗೆ ಫೋನ್ ಮಾಡಿ ಕೇಳಿ.

ಫಾರಂ ಬಂದಾಗ ಪಾವತಿ ಅವಧಿ ಅನ್ನುವ ಕಲಂ ಹತ್ತಿರ ನಿಲ್ಲಿ. 60 ದಿನ, 90 ದಿನ ಅಂತ ಮೊದಲೇ ಅಚ್ಚಾಗಿರಬಹುದು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಮಾಲು ಒಪ್ಪಿಕೊಂಡ ದಿನದಿಂದ ಲೆಕ್ಕ. ಜಗಳ ಬೇಡ, ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ ಆ ಕಲಂನಲ್ಲಿ 45 ದಿನ ಅಂತ ತುಂಬಿ. ಮುಂದೆ ಪ್ರತಿ ಬಿಲ್ ಮೇಲೂ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಜೊತೆಗೆ ಕಂಪನಿ ಟ್ರೆಡ್ಸ್‌ನಲ್ಲಿ ಇದೆಯೇ ಅಂತ ಕೇಳಿ. ಟ್ರೆಡ್ಸ್ ಅಂದರೆ ಕಂಪನಿ ಒಪ್ಪಿಕೊಂಡ ನಿಮ್ಮ ಬಿಲ್ ಮೇಲೆ ಬ್ಯಾಂಕುಗಳು ಮುಂಚಿತವಾಗಿಯೇ ಹಣ ಕೊಡುವ ಆನ್‌ಲೈನ್ ವ್ಯವಸ್ಥೆ. ಬಡ್ಡಿ ಕಳೆದು ನಿಮಗೆ ಕೊಟ್ಟು, ಗಡುವಿನ ದಿನ ಬ್ಯಾಂಕು ಕಂಪನಿಯಿಂದ ವಸೂಲಿ ಮಾಡಿಕೊಳ್ಳುತ್ತದೆ. 250 ಕೋಟಿಗಿಂತ ಹೆಚ್ಚು ವಹಿವಾಟಿರುವ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳಲೇಬೇಕು ಅಂತ ನಿಯಮವಿದೆ.

ಆಮೇಲೆ ಕ್ವಾಲಿಟಿಯವರು ಶೆಡ್‌ಗೆ ಬರುತ್ತಾರೆ. ಅವರು ಹೊಸ ಬಣ್ಣ ನೋಡುವುದಿಲ್ಲ. ರಾಡ್‌ಗಳ ಮೇಲೆ ಯಾವ ಗ್ರೇಡ್ ಅನ್ನುವ ಗುರುತು ಇದೆಯೇ, ಇಎನ್8 ಮತ್ತು ಇಎನ್1ಎ ಬೆರಕೆ ಆಗದಂತೆ ಬೇರೆ ಇಟ್ಟಿದ್ದೀರಾ, ರಿಜೆಕ್ಟ್ ಆದ ಪೀಸ್‌ಗಳಿಗೆ ಕೆಂಪು ಡಬ್ಬ ಇದೆಯೇ, ಮೆಷಿನ್ ಪಕ್ಕದ ಡ್ರಾಯಿಂಗ್ ಇತ್ತೀಚಿನದೇ, ಮೈಕ್ರೋಮೀಟರ್ ಮೇಲಿನ ಸ್ಟಿಕ್ಕರ್ ತಾರೀಕು ಮತ್ತು ನಿಮ್ಮ ಪಟ್ಟಿಯ ತಾರೀಕು ಒಂದೇನಾ ಅಂತ ನೋಡುತ್ತಾರೆ. ಬಳಸಿದ ಎಣ್ಣೆಯ ಡ್ರಮ್ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳುತ್ತಾರೆ. ಪ್ರಶ್ನೆ ಆಪರೇಟರ್‌ಗೆ ಹೋಗುತ್ತದೆ, ಮಾಲೀಕರಿಗಲ್ಲ. "ಎಷ್ಟು ಪೀಸಿಗೆ ಒಮ್ಮೆ ಅಳೆಯುತ್ತೀಯಪ್ಪ?" ಅಂದರೆ ಆಪರೇಟರ್ ಹೇಳುವ ಉತ್ತರ ಪಕ್ಕದ ಗೋಡೆಯ ಮೇಲಿರುವ ತಪಾಸಣೆ ಹಾಳೆಗೆ ಹೊಂದಬೇಕು.

ಆಡಿಟ್ ಪಾಸಾಗಿ ಕೋಡ್ ಬಂತು ಅಂದ ಕೂಡಲೇ ಆರ್ಡರ್ ಬಂದಂತಲ್ಲ. ಮುಂದೆ ಡ್ರಾಯಿಂಗ್ ಬರುತ್ತದೆ, ದರ ಕೇಳುತ್ತಾರೆ, ಮಾದರಿ ಪೀಸ್ ಮಾಡಿ ಅಳತೆ ವರದಿ ಕೊಡಬೇಕಾಗುತ್ತದೆ. ವಾಹನ ಭಾಗಗಳಲ್ಲಿ ಈ ಮಾದರಿ ಒಪ್ಪಿಗೆಗೆ ಪಿಪಿಎಪಿ ಅನ್ನುತ್ತಾರೆ, ಅದರ ಕಾಗದಗಳ ಪಟ್ಟಿ ದೊಡ್ಡದು. ಆ ಮಧ್ಯೆ ಹೊಸ ಮೆಷಿನ್‌ಗೆ ಸಾಲ ಮಾಡಬೇಡಿ. ಕೈಯಲ್ಲಿ ಆರ್ಡರ್ ಇಲ್ಲದೆ ಬರೀ ಕೋಡ್ ನಂಬಿ ಮೆಷಿನ್ ತಂದು ಕಂತು ಕಟ್ಟಲಾಗದೆ ಒದ್ದಾಡಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಕೋಡ್ ಬಂದ ದಿನವೇ ಒಂದು ಹಾಳೆಯಲ್ಲಿ ಐಎಸ್‌ಒ, ಕ್ಯಾಲಿಬ್ರೇಷನ್, ಮಾಲಿನ್ಯ ಮಂಡಳಿ ಒಪ್ಪಿಗೆ, ಬಾಡಿಗೆ ಕರಾರು ಇವು ಮುಗಿಯುವ ತಾರೀಕುಗಳನ್ನು ಬರೆದು ಆಫೀಸಿನ ಗೋಡೆಗೆ ಅಂಟಿಸಿ. ನವೀಕರಿಸಿದ ಪ್ರತಿಯನ್ನು ಅವರು ಕೇಳುವ ಮುಂಚೆ ನೀವೇ ಕಳಿಸಿ. ಅವಧಿ ಮುಗಿದ ಕಾಗದ ಇದ್ದರೆ ಕೆಲವು ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆ ತಾನಾಗಿಯೇ ಕೋಡ್ ತಡೆಹಿಡಿಯುತ್ತದೆ. ಆಗ ಕೊಟ್ಟ ಮಾಲಿನ ಬಿಲ್ಲೂ ಪಾಸಾಗದೆ ನಿಲ್ಲುತ್ತದೆ.